ಲೇಸರ್‌ಗೂ ಮುನ್ನ ಕಾರ್ನಿಯಾದ ಲೆಕ್ಕ

ಒಂದೇ ಆಫೀಸಿನ ಇಬ್ಬರು ಗೆಳತಿಯರು ಕನ್ನಡಕ ಬಿಡಬೇಕೆಂದು ಒಂದೇ ದಿನ ಕಣ್ಣಾಸ್ಪತ್ರೆಗೆ ಹೋಗುತ್ತಾರೆ. ಒಬ್ಬಳದು ಮೈನಸ್ 3 ಪವರ್, ಇನ್ನೊಬ್ಬಳದು ಮೈನಸ್ 8. ಎರಡು ಮೂರು ಗಂಟೆ ಒಂದರ ನಂತರ ಒಂದು ಯಂತ್ರದ ಮುಂದೆ ಗದ್ದ ಇಟ್ಟು ಕೂತೆದ್ದ ಮೇಲೆ ಮೊದಲನೆಯವಳಿಗೆ ಲೇಸರ್‌ಗೆ ದಿನ ಗೊತ್ತಾಗುತ್ತದೆ. ಎರಡನೆಯವಳಿಗೆ ಡಾಕ್ಟರು, "ನಿಮ್ಮ ಕಣ್ಣಿಗೆ ಲೇಸರ್ ಬೇಡಮ್ಮ, ಬೇರೆ ದಾರಿ ನೋಡೋಣ" ಎನ್ನುತ್ತಾರೆ. ಪವರ್ ಜಾಸ್ತಿ ಇದ್ದವರಿಗೇ ಅಲ್ಲವೇ ಕನ್ನಡಕದ ಕಷ್ಟ ಜಾಸ್ತಿ, ಅವರಿಗೇ ಆಗುವುದಿಲ್ಲವೆಂದರೆ ಹೇಗೆ ಎಂದು ಅವಳಿಗೆ ಅನ್ನಿಸುವುದು ಸಹಜ.

ಉತ್ತರ ಇರುವುದು ಒಂದು ಸರಳ ಸಂಗತಿಯಲ್ಲಿ. ಲೇಸರ್ ಕಣ್ಣಿಗೆ ಏನನ್ನೂ ಸೇರಿಸುವುದಿಲ್ಲ, ಕಣ್ಣಿನಿಂದ ತೆಗೆಯುತ್ತದೆ. ಪವರ್ ಹೆಚ್ಚಿದ್ದಷ್ಟೂ ಹೆಚ್ಚು ತೆಗೆಯಬೇಕು. ಹಾಗಾಗಿ ತಪಾಸಣೆಯ ದಿನ ನಡೆಯುವ ಅಷ್ಟೂ ಪರೀಕ್ಷೆಗಳ ಹಿಂದಿನ ಪ್ರಶ್ನೆ "ಎಷ್ಟು ಪವರ್ ತೆಗೆಯಬಹುದು?" ಎಂಬುದಲ್ಲ, "ತೆಗೆದ ಮೇಲೆ ಏನು ಉಳಿಯುತ್ತದೆ?" ಎಂಬುದು.

ಅರ್ಧ ಮಿಲಿಮೀಟರಿನ ಪಟಲ

ಕಣ್ಣಿನ ಮುಂಭಾಗದಲ್ಲಿ, ಪಾಪೆಯ ಮೇಲೆ, ಗಾಜಿನಂತೆ ಪಾರದರ್ಶಕವಾಗಿರುವ ಪಟಲವೇ ಕಾರ್ನಿಯಾ. ಬೆಳಕನ್ನು ಬಾಗಿಸಿ ರೆಟಿನಾದ ಮೇಲೆ ಕೇಂದ್ರೀಕರಿಸುವ ಕೆಲಸದಲ್ಲಿ ಮೂರನೇ ಎರಡು ಪಾಲು ಇದರದೇ. ನಟ್ಟನಡುವೆ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರು. ಕಣ್ಣಾಸ್ಪತ್ರೆಯವರು ಇದನ್ನು ಮೈಕ್ರಾನ್‌ಗಳಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಹೆಚ್ಚಿನವರ ಕಾರ್ನಿಯಾ 500ರಿಂದ 560 ಮೈಕ್ರಾನ್ ನಡುವೆ ಇರುತ್ತದೆ.

ದೂರದ್ದು ಮಸುಕಾಗಿ ಕಾಣುವ ಮೈನಸ್ ಪವರ್‌ನವರಲ್ಲಿ ಬೆಳಕು ರೆಟಿನಾ ತಲುಪುವ ಮೊದಲೇ ಒಂದು ಕಡೆ ಕೂಡುತ್ತದೆ. ಕಾರ್ನಿಯಾದ ನಡುಭಾಗವನ್ನು ತುಸು ಚಪ್ಪಟೆ ಮಾಡಿದರೆ ಆ ಬಿಂದು ಹಿಂದಕ್ಕೆ ಸರಿದು ರೆಟಿನಾದ ಮೇಲೆ ಬೀಳುತ್ತದೆ. ಈ ಚಪ್ಪಟೆ ಮಾಡುವ ಕೆಲಸ ಎಕ್ಸೈಮರ್ ಲೇಸರಿನದು. ಅದರ ಕಿರಣ 193 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕು. ಅಂಗಾಂಶವನ್ನು ಸುಡದೆ, ಅಕ್ಕಪಕ್ಕಕ್ಕೆ ಶಾಖ ಹರಡದೆ, ಒಂದೊಂದು ಹೊಡೆತಕ್ಕೂ ಮೈಕ್ರಾನಿನ ಕಾಲು ಭಾಗದಷ್ಟನ್ನು ಆವಿ ಮಾಡಿ ಎಬ್ಬಿಸುತ್ತದೆ. ಈ ಗುಣವನ್ನು ಗುರುತಿಸಿದವರಲ್ಲಿ ಮುಖ್ಯರು ಮದ್ರಾಸಿನಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ರಂಗಸ್ವಾಮಿ ಶ್ರೀನಿವಾಸನ್. ಅಮೆರಿಕದ ಐಬಿಎಂ ಸಂಶೋಧನಾಲಯದಲ್ಲಿದ್ದ ಅವರು 1981ರಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ ಈ ಕಿರಣ ಬಿಟ್ಟು ನೋಡಿದರು. ಸುಟ್ಟ ಗುರುತಿಲ್ಲದ ಅಚ್ಚುಕಟ್ಟಾದ ಗೆರೆ ಮೂಡಿತ್ತು. ಎರಡು ವರ್ಷದೊಳಗೆ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಜೊತೆಗೂಡಿ ಅದನ್ನು ಕಾರ್ನಿಯಾದ ಮೇಲೆ ಪರೀಕ್ಷಿಸಿದ ವರದಿಯೂ ಬಂತು.

ಆದರೆ ಕಿರಣ ಎಷ್ಟೇ ನಿಖರವಾಗಿದ್ದರೂ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ಕಾರ್ನಿಯಾದ ಮೇಲ್ಪದರದ ತೆಳು ಚರ್ಮ, ಸುಮಾರು 50 ಮೈಕ್ರಾನಿನದು, ಕೆರೆದರೂ ನಾಲ್ಕೈದು ದಿನಕ್ಕೆ ಹೊಸದಾಗಿ ಮುಚ್ಚಿಕೊಳ್ಳುತ್ತದೆ. ಅದರ ಕೆಳಗಿರುವ, ಗಟ್ಟಿತನ ಕೊಡುವ ನಾರಿನ ಪದರ ಹಾಗಲ್ಲ. ಲೇಸರ್ ಕೊರೆಯುವುದು ಆ ಪದರವನ್ನೇ.

ಕೂಡಿ ಕಳೆಯುವ ಲೆಕ್ಕ

ಆ ಎರಡನೆಯ ಗೆಳತಿಯನ್ನು ಕಾವ್ಯ ಎಂದು ಕರೆಯೋಣ. ವಯಸ್ಸು 24, ಊರು ಹಾಸನ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಎರಡೂ ಕಣ್ಣಿಗೆ ಸಿಲಿಂಡರ್ ಸೇರಿಸಿ ತಿದ್ದಬೇಕಾದದ್ದು 8 ಪವರ್. ಕಾರ್ನಿಯಾದ ದಪ್ಪ 505 ಮೈಕ್ರಾನ್. ಇದು ಲೆಕ್ಕ ತೋರಿಸಲು ಕಟ್ಟಿಕೊಂಡ ಉದಾಹರಣೆಯಾದರೂ ಇಂಥ ಕಣ್ಣುಗಳು ಪ್ರತಿದಿನ ಕಣ್ಣಾಸ್ಪತ್ರೆಗೆ ಬರುತ್ತವೆ.

ಒಂದು ಪವರ್ ಇಳಿಸಲು ಎಷ್ಟು ಮೈಕ್ರಾನ್ ತೆಗೆಯಬೇಕು ಎಂಬುದಕ್ಕೆ ಒಂದು ಸ್ಥೂಲ ಸೂತ್ರವಿದೆ. ತಿದ್ದುವ ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಮೂರರಿಂದ ಭಾಗಿಸಬೇಕು. ಅಗಲ 6.5 ಮಿಲಿಮೀಟರಾದರೆ ಒಂದು ಪವರ್‌ಗೆ 14 ಮೈಕ್ರಾನ್ ಬರುತ್ತದೆ. ಕಾವ್ಯಳ 8 ಪವರ್‌ಗೆ 112 ಮೈಕ್ರಾನ್. ಬೇರೆ ಬೇರೆ ಯಂತ್ರಗಳು ಇದಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆ ತೆಗೆಯುತ್ತವೆ, ಆದರೆ ಅಂದಾಜಿಗೆ ಇಷ್ಟು ಸಾಕು.

ಲ್ಯಾಸಿಕ್ ವಿಧಾನದಲ್ಲಿ ಇದಲ್ಲದೆ ಇನ್ನೊಂದು ಖರ್ಚು ಇದೆ. ಮೊದಲು ಕಾರ್ನಿಯಾದ ಮೇಲ್ಭಾಗದಲ್ಲಿ ಸುಮಾರು 110 ಮೈಕ್ರಾನ್ ದಪ್ಪದ ಒಂದು ಮುಚ್ಚಳವನ್ನು, ಒಂದು ಬದಿ ಅಂಟಿಕೊಂಡಿರುವಂತೆ ಕತ್ತರಿಸಿ ಎತ್ತುತ್ತಾರೆ. ಡಾಕ್ಟರುಗಳು ಇದನ್ನು ಫ್ಲ್ಯಾಪ್ ಎನ್ನುತ್ತಾರೆ. ಕೆಳಗಿನ ಪದರವನ್ನು ಲೇಸರಿನಿಂದ ತಿದ್ದಿ ಫ್ಲ್ಯಾಪನ್ನು ಮತ್ತೆ ಮುಚ್ಚುತ್ತಾರೆ. ಅದು ಅಲ್ಲೇ ಕೂರುತ್ತದೆ, ನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಆದರೆ ಒಮ್ಮೆ ಕತ್ತರಿಸಿದ ನಾರುಗಳು ಮೊದಲಿನಂತೆ ಬೆಸೆಯುವುದಿಲ್ಲ, ಹೀಗಾಗಿ ಕಣ್ಣಿನ ಒತ್ತಡವನ್ನು ತಾಳುವ ಕೆಲಸದಲ್ಲಿ ಫ್ಲ್ಯಾಪಿನ ಪಾಲು ಹೆಚ್ಚುಕಡಿಮೆ ಸೊನ್ನೆ. ತೆಗೆಯದೇ ಉಳಿಸಿದ್ದರೂ ಲೆಕ್ಕದಲ್ಲಿ ಅದು ಕಳೆದದ್ದೇ.

ಈಗ ಕಳೆಯೋಣ. 505ರಲ್ಲಿ ಫ್ಲ್ಯಾಪಿನ 110 ಹೋದರೆ 395. ಲೇಸರಿನ 112 ಹೋದರೆ 283 ಮೈಕ್ರಾನ್. ಹಳೆಯ ನಿಯಮದ ಪ್ರಕಾರ ಫ್ಲ್ಯಾಪಿನ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿದರೆ ಸಾಕು. ಆ ಲೆಕ್ಕದಲ್ಲಿ ಕಾವ್ಯ ಪಾಸು.

ಆದರೆ 250 ಉಳಿಸಿದ ಕಣ್ಣುಗಳಲ್ಲೂ ಕೆಲವು ಹಾಳಾದದ್ದನ್ನು ಕಂಡ ಮೇಲೆ ಡಾಕ್ಟರುಗಳು ಇನ್ನೊಂದು ಅಳತೆಯನ್ನು ಸೇರಿಸಿಕೊಂಡರು. ಇದ್ದ ದಪ್ಪದಲ್ಲಿ ಶೇಕಡಾ ಎಷ್ಟು ಭಾಗಕ್ಕೆ ಕೈ ಹಾಕಿದಂತಾಯಿತು ಎಂಬುದೇ ಅದು. ಫ್ಲ್ಯಾಪ್ ಮತ್ತು ಲೇಸರ್ ಸೇರಿ 40 ಶೇಕಡಾ ದಾಟಿದರೆ, ಉಳಿದೆಲ್ಲವೂ ಸರಿ ಕಂಡರೂ ಅಪಾಯ ಏರುತ್ತದೆ. ಕಾವ್ಯಳಲ್ಲಿ 110 ಮತ್ತು 112 ಸೇರಿ 222. ಅದು 505ರ 44 ಶೇಕಡಾ. ಲ್ಯಾಸಿಕ್ ಇಲ್ಲಿ ನಿಲ್ಲುತ್ತದೆ. ಆಕೆಯ ಗೆಳತಿಯದು 3 ಪವರ್, ದಪ್ಪ 540. ಫ್ಲ್ಯಾಪ್ 110, ಲೇಸರ್ 42, ಒಟ್ಟು 152. ಇದು 28 ಶೇಕಡಾ. ಅವಳಿಗೆ ದಿನ ಗೊತ್ತಾದದ್ದು ಈ ಕಾರಣಕ್ಕೆ.

ವೃತ್ತವನ್ನೇ ಚಿಕ್ಕದು ಮಾಡಿದರೆ ಆಗದೇ ಎಂದು ಕೇಳಬಹುದು. 6 ಮಿಲಿಮೀಟರಿಗೆ ಇಳಿಸಿದರೆ ಪವರ್‌ಗೆ 12 ಮೈಕ್ರಾನ್ ಸಾಕು, ಕಾವ್ಯಳಲ್ಲಿ 16 ಮೈಕ್ರಾನ್ ಉಳಿಯುತ್ತದೆ. ಆದರೆ ಕತ್ತಲಲ್ಲಿ ಯುವಕರ ಪಾಪೆ 7 ಮಿಲಿಮೀಟರಿನವರೆಗೆ ಹಿಗ್ಗಬಲ್ಲದು. ಆಗ ತಿದ್ದದ ಅಂಚಿನಿಂದಲೂ ಬೆಳಕು ಒಳಬರುತ್ತದೆ; ರಾತ್ರಿ ಎದುರು ಗಾಡಿಯ ಹೆಡ್‌ಲೈಟಿನ ಸುತ್ತ ಉಂಗುರ, ಬೆಳಕಿನ ಬಾಲಗಳು ಕಾಣಿಸುತ್ತವೆ. ಹಗಲಿನ ಬೋರ್ಡು ಸ್ಪಷ್ಟವಾಗಿ ಓದುವ ಕಣ್ಣು ರಾತ್ರಿ ಹೆದ್ದಾರಿಯಲ್ಲಿ ತಡವರಿಸುವ ಕಾರಣಗಳಲ್ಲಿ ಇದೂ ಒಂದು.

ಫ್ಲ್ಯಾಪ್ ಇಲ್ಲದ ವಿಧಾನಗಳೂ ಇವೆ. ಪಿಆರ್‌ಕೆಯಲ್ಲಿ ಮೇಲಿನ 50 ಮೈಕ್ರಾನ್ ಚರ್ಮವನ್ನು ಮಾತ್ರ ಸರಿಸಿ ಲೇಸರ್ ಬಿಡುತ್ತಾರೆ. ಕಾವ್ಯಳ ಲೆಕ್ಕ 32 ಶೇಕಡಾಕ್ಕೆ ಇಳಿಯುತ್ತದೆ. ಮೂರ್ನಾಲ್ಕು ದಿನ ಕಣ್ಣು ಉರಿದು ನೀರು ಸುರಿಯುತ್ತದೆ, ನೋಟ ತಿಳಿಯಾಗಲು ವಾರಗಳೇ ಬೇಕು. ಅದನ್ನು ಸಹಿಸಬಹುದು. ಆದರೆ 6 ಪವರ್ ಮೀರಿದ ಕಣ್ಣಿನಲ್ಲಿ ಹೀಗೆ ಆಳವಾಗಿ ತೆಗೆದಾಗ ಗಾಯ ಮಾಯುವ ಹೊತ್ತಿನಲ್ಲಿ ಕಾರ್ನಿಯಾದೊಳಗೆ ಮಂಜಿನಂಥ ಮಸುಕು ಕಟ್ಟುವ ಸಂಭವ ಹೆಚ್ಚುತ್ತದೆ. ಅದನ್ನು ತಡೆಯಲು ಮೈಟೋಮೈಸಿನ್ ಎಂಬ ಔಷಧಿಯನ್ನು ಕೆಲವು ಸೆಕೆಂಡು ತಾಗಿಸುತ್ತಾರೆ. ತಿಂಗಳುಗಟ್ಟಲೆ ಬಿಸಿಲಿಗೆ ತಂಪು ಕನ್ನಡಕ ತಪ್ಪಿಸುವಂತಿಲ್ಲ. ಇನ್ನೊಂದು ವಿಧಾನ ಸ್ಮೈಲ್. ಕಾರ್ನಿಯಾದ ಒಳಗೇ ಒಂದು ತೆಳು ಬಿಲ್ಲೆಯನ್ನು ಲೇಸರಿನಿಂದ ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಎಳೆದು ತೆಗೆಯುತ್ತಾರೆ. ಫ್ಲ್ಯಾಪ್ ಏಳುವುದಿಲ್ಲ, ಆದರೆ ತೆಗೆಯುವ ಅಂಗಾಂಶ ಲ್ಯಾಸಿಕ್‌ಗಿಂತ ಕಡಿಮೆಯೇನಲ್ಲ. ತೆಳು ಕಾರ್ನಿಯಾ ಮತ್ತು ದೊಡ್ಡ ಪವರ್ ಒಟ್ಟಿಗೆ ಬಂದಾಗ ಸ್ಮೈಲ್ ಎಂಬ ಹೆಸರಿನಿಂದ ಲೆಕ್ಕ ಬದಲಾಗುವುದಿಲ್ಲ.

ದಪ್ಪವಿದ್ದರೂ ಬೇಡ ಎನ್ನುವ ಕಣ್ಣು

ಕಾರ್ನಿಯಾ ಒಳಗಿನಿಂದ ಸದಾ ಒತ್ತಡವನ್ನು ತಾಳುತ್ತಿರುತ್ತದೆ. ಅತಿಯಾಗಿ ತೆಳುವಾದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ಸವೆದ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುವ ಹಾಗೆ, ಅದು ಮುಂದಕ್ಕೆ ಉಬ್ಬತೊಡಗುತ್ತದೆ. ಇದಕ್ಕೆ ಎಕ್ಟೇಸಿಯಾ ಎನ್ನುತ್ತಾರೆ. ಲ್ಯಾಸಿಕ್ ನಂತರದ ಇಂಥ ಉಬ್ಬನ್ನು ಥಿಯೋ ಸೈಲರ್ 1998ರಲ್ಲಿ ವರದಿ ಮಾಡಿದ ಮೇಲೆಯೇ ಉಳಿಯುವ ದಪ್ಪದ ಬಗ್ಗೆ ಜಗತ್ತು ಗಂಭೀರವಾದದ್ದು. ಇದು ಅಪರೂಪ, ಆದರೆ ಬಂದರೆ ಕನ್ನಡಕದಿಂದಲೂ ತಿದ್ದಲಾಗದ ಮಟ್ಟಿಗೆ ನೋಟ ಕೆಡಬಹುದು. ಬಿಟ್ಟ ಪವರ್ ಮತ್ತೆ ಬರುವುದು, ಅದರಲ್ಲೂ ಸಿಲಿಂಡರ್ ಏರುತ್ತ ಹೋಗುವುದು, ಒಂದು ಅಕ್ಷರದ ಪಕ್ಕ ಇನ್ನೊಂದು ನೆರಳಕ್ಷರ ಕಾಣುವುದು ಇದರ ಸೂಚನೆಗಳು.

ಈ ಉಬ್ಬು ಕೆಲವರಲ್ಲಿ ಯಾವ ಶಸ್ತ್ರಚಿಕಿತ್ಸೆಯೂ ಇಲ್ಲದೆ ತಾನಾಗಿ ಬರುತ್ತದೆ. ಅದು ಕೆರಟೋಕೋನಸ್ ಎಂಬ ಕಾಯಿಲೆ; ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗಿ ಇಪ್ಪತ್ತರ ಪ್ರಾಯದಲ್ಲಿ ಬೆಳೆಯುತ್ತದೆ. ಲೇಸರ್ ಕೇಳಿಕೊಂಡು ಬರುವ ವಯಸ್ಸೂ ಅದೇ. ಕನ್ನಡಕದಲ್ಲಿ ನೋಟ ಸಮಾಧಾನವಿಲ್ಲ, ಸಿಲಿಂಡರ್ ಪದೇ ಪದೇ ಬದಲಾಗುತ್ತಿದೆ, ಅದಕ್ಕೇ ಲೇಸರ್ ಬೇಕು ಎಂದು ಬರುವವರಲ್ಲಿ ಕೆಲವರಿಗೆ ನಿಜವಾಗಿ ಇರುವುದು ಈ ಕಾಯಿಲೆಯ ಮೊದಲ ಹಂತ. ಅಂಥ ಕಣ್ಣಿನ ಮೇಲೆ ಲೇಸರ್ ಬಿಟ್ಟರೆ ಆಗಲೇ ಸೋಲುತ್ತಿರುವ ಗೋಡೆಯನ್ನು ಇನ್ನಷ್ಟು ಕೊರೆದಂತೆ.

ಇದನ್ನು ಹಿಡಿಯುವುದು ದಪ್ಪದ ಒಂದೇ ಅಂಕಿಯಿಂದ ಆಗದು. ಪೆಂಟಾಕ್ಯಾಮ್‌ನಂಥ ಯಂತ್ರ ಕಾರ್ನಿಯಾದ ಸುತ್ತ ತಿರುಗುತ್ತ ಸೀಳುಬೆಳಕಿನಲ್ಲಿ ಹಲವು ಚಿತ್ರ ತೆಗೆದು, ಮುಂದಿನ ಮೈ, ಹಿಂದಿನ ಮೈ, ಎಲ್ಲೆಲ್ಲಿ ಎಷ್ಟು ದಪ್ಪ ಎಂಬುದನ್ನು ಬಣ್ಣದ ನಕ್ಷೆಯಾಗಿ ಕೊಡುತ್ತದೆ. ನೀಲಿ ಬಣ್ಣದಲ್ಲಿ ಚಪ್ಪಟೆ ಜಾಗ, ಕೆಂಪಿನಲ್ಲಿ ಕಡಿದಾದ ಜಾಗ. ಸಹಜ ಕಣ್ಣಿನ ಸಿಲಿಂಡರ್ ಮೇಲೂ ಕೆಳಗೂ ಸಮನಾಗಿ ಹರಡಿದ ಬೋ ಆಕಾರದಲ್ಲಿ ಮೂಡುತ್ತದೆ. ಕೆಳಗಿನ ಅರ್ಧ ಮಾತ್ರ ಕೆಂಪೇರಿದ್ದರೆ, ಅತಿ ತೆಳುವಾದ ಬಿಂದು ನಡುವಿನಿಂದ ಕೆಳಕ್ಕೆ ಜಾರಿದ್ದರೆ, ಹಿಂದಿನ ಮೈ ಅದೇ ಜಾಗದಲ್ಲಿ ಉಬ್ಬಿದ್ದರೆ ಡಾಕ್ಟರು ಕಡತ ಮುಚ್ಚುತ್ತಾರೆ. ಕಾರ್ನಿಯಾ 550 ಮೈಕ್ರಾನ್ ಇದ್ದರೂ ಉತ್ತರ ಬೇಡ ಎಂದೇ. ಕಣ್ಣು ಉಜ್ಜುವ ಅಭ್ಯಾಸ ಇದೆಯೇ, ಮನೆಯಲ್ಲಿ ಯಾರಿಗಾದರೂ ಕಾರ್ನಿಯಾ ಬದಲಾಯಿಸಿದ್ದಾರೆಯೇ ಎಂದು ಅವರು ಕೇಳುವುದೂ ಇದಕ್ಕೇ. ಕಾಯಿಲೆ ಹೆಚ್ಚುತ್ತಿದೆ ಎಂದು ಕಂಡರೆ ವಿಟಮಿನ್ ಬಿ2 ಹನಿ ಹಾಕಿ ನೇರಳಾತೀತ ಬೆಳಕಿನಿಂದ ನಾರುಗಳನ್ನು ಬಿಗಿ ಮಾಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಇದೆ. ಕನ್ನಡಕ ಬಿಡಲು ಬಂದವರಿಗೆ ಕಣ್ಣು ಉಳಿಸಿಕೊಳ್ಳುವ ದಾರಿ ಹೀಗೆ ತಪಾಸಣೆಯ ಕುರ್ಚಿಯಲ್ಲೇ ಸಿಗುವುದುಂಟು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ನಕ್ಷೆಗೆ ಮುಂಚೆ ಅದನ್ನು ನಿಲ್ಲಿಸಬೇಕು. ಮೆತ್ತನೆಯ ಲೆನ್ಸಾದರೆ ಒಂದೆರಡು ವಾರ, ಗಟ್ಟಿ ಲೆನ್ಸಾದರೆ ತಿಂಗಳಾದರೂ ಬೇಕು. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ. ನಿನ್ನೆ ರಾತ್ರಿವರೆಗೆ ಲೆನ್ಸ್ ಹಾಕಿ ಇಂದು ಪರೀಕ್ಷೆಗೆ ಬಂದು, ಡಾಕ್ಟರು ಕೇಳಿದಾಗ ಹದಿನೈದು ದಿನವಾಯಿತು ಎಂದರೆ ನಷ್ಟ ತಮ್ಮದೇ.

ನಿಂತ ಪವರ್

ಏರುತ್ತಿರುವ ಪವರನ್ನು ಇಂದು ತಿದ್ದಿದರೆ ನಾಳೆ ಮತ್ತೆ ಏರುತ್ತದೆ. ಮೈನಸ್ ಪವರ್ ಬರುವುದು ಹೆಚ್ಚಾಗಿ ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದದ್ದರಿಂದ. ಲೇಸರ್ ಕಾರ್ನಿಯಾವನ್ನು ತಿದ್ದಬಲ್ಲದೇ ಹೊರತು ಆ ಬೆಳವಣಿಗೆಯನ್ನು ತಡೆಯಲಾರದು. ಹಾಗಾಗಿ ವಯಸ್ಸು 18 ದಾಟಿರಬೇಕು, ಮತ್ತು ಕಳೆದ ಒಂದು ವರ್ಷದಲ್ಲಿ ಪವರ್ ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು. ಪವರ್ ದೊಡ್ಡದಿದ್ದವರಲ್ಲಿ 21ರವರೆಗಾದರೂ ಕಾಯೋಣ ಎನ್ನುವ ಡಾಕ್ಟರುಗಳೇ ಹೆಚ್ಚು.

ಇದಕ್ಕೆ ಸಾಕ್ಷಿ ಬಾಯಿಮಾತಲ್ಲ, ಹಳೆಯ ಚೀಟಿ. ಕಾವ್ಯಳ ಅಮ್ಮ ಹಳೆಯ ಕನ್ನಡಕದ ಡಬ್ಬಿಗಳನ್ನು ಚೀಟಿಯ ಸಮೇತ ಇಟ್ಟಿದ್ದರು ಎನ್ನೋಣ. ಅದರಲ್ಲಿ 20ನೇ ವಯಸ್ಸಿಗೆ ಮೈನಸ್ 6.5, 22ಕ್ಕೆ 7, 23ಕ್ಕೆ 7.5, ಈಗ 24ಕ್ಕೂ 7.5 ಎಂದು ಇದೆ. ಒಂದು ವರ್ಷ ನಿಂತಿದೆ, ಆದರೆ ಅದಕ್ಕೂ ಹಿಂದಿನ ಎರಡು ವರ್ಷ ನಿಂತಿರಲಿಲ್ಲ. ಎಚ್ಚರದ ಡಾಕ್ಟರು ಇನ್ನೂ ಆರು ತಿಂಗಳು ಬಿಟ್ಟು ಮತ್ತೆ ಅಳೆಯೋಣ ಎಂದರೆ ಅದರಲ್ಲಿ ಅರ್ಥವಿದೆ. ಚೀಟಿ ಕಳೆದುಹೋಗಿದ್ದರೆ ಹಳೆಯ ಕನ್ನಡಕವನ್ನೇ ತಂದರೂ ಆದೀತು, ಗಾಜಿನ ಪವರನ್ನು ಯಂತ್ರದಲ್ಲಿ ಅಳೆಯುತ್ತಾರೆ.

ಪವರ್ ನಿಂತಿದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ, ಅಳೆದ ಪವರ್ ನಿಜವೋ ಎಂಬ ಪ್ರಶ್ನೆಯೂ ಇದೆ. ಇಡೀ ದಿನ ಹತ್ತಿರದ ಪರದೆ ನೋಡಿದ ಕಣ್ಣಿನ ಒಳಸ್ನಾಯು ಬಿಗಿದುಕೊಂಡು ಇರದ ಮೈನಸ್ ತೋರಿಸಬಲ್ಲದು. ಅದಕ್ಕೇ ಪಾಪೆ ಹಿಗ್ಗಿಸುವ, ಆ ಸ್ನಾಯುವನ್ನು ಸಡಿಲಿಸುವ ಹನಿ ಹಾಕಿ ಇನ್ನೊಮ್ಮೆ ಅಳೆಯುತ್ತಾರೆ. ಹನಿಗೆ ಮುಂಚೆ 3, ನಂತರ 2.5 ಎಂದು ಬಂದರೆ 3ಕ್ಕೆ ಲೇಸರ್ ಮಾಡುವುದು ತಪ್ಪಾಗುತ್ತದೆ. ಆ ಹನಿಯ ದೆಸೆಯಿಂದ ಸಂಜೆಯವರೆಗೆ ಹತ್ತಿರದ್ದು ಮಸುಕು, ಬಿಸಿಲು ಕಣ್ಣಿಗೆ ಕುಕ್ಕುತ್ತದೆ. ಆ ದಿನ ತಾವೇ ಗಾಡಿ ಓಡಿಸಿಕೊಂಡು ಹೋಗಬಾರದು ಎನ್ನುವುದು ಇದಕ್ಕೇ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ರಕ್ತದ ಸಕ್ಕರೆಯ ಜೊತೆ ಪವರ್ ಕೂಡ ಏರಿಳಿಯುತ್ತದೆ. ಬಸುರಿ, ಬಾಣಂತಿಯರಲ್ಲಿ ಹಾರ್ಮೋನಿನಿಂದ ಕಾರ್ನಿಯಾದ ಬಾಗು ಬದಲಾಗುವುದುಂಟು. ಮದುವೆ ಗೊತ್ತಾಗಿದೆ, ಬೇಗ ಮಾಡಿಬಿಡಿ ಎನ್ನುವವರಿಗಾಗಲೀ ಮಗು ಹುಟ್ಟಿದ ಮರು ತಿಂಗಳು ಬಂದವರಿಗಾಗಲೀ ಡಾಕ್ಟರು ಕಾಯಿರಿ ಎನ್ನುವುದರಲ್ಲಿ ಹಟವೇನಿಲ್ಲ. ಕೆಲಸಕ್ಕೋಸ್ಕರ ಲೇಸರ್ ಮಾಡಿಸುವವರು ಅಧಿಸೂಚನೆಯನ್ನು ಮೊದಲು ಓದಬೇಕು. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಲ್ಯಾಸಿಕ್ ಮಾಡಿಸಿಕೊಂಡವರು ಅನರ್ಹರು.

ಕಾಗದದ ಪಟ್ಟಿ ಹೇಳುವ ಮಾತು

ಒಣಗಣ್ಣು ಇದ್ದವರಿಗೆ ಅದು ಇದೆಯೆಂದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಸಂಜೆಗೆ ಕಣ್ಣು ಮರಳು ಬಿದ್ದಂತೆ ಚುಚ್ಚುವುದು, ಎ.ಸಿ. ಗಾಳಿಗೆ ನೀರು ಬರುವುದು, ಪರದೆಯ ಅಕ್ಷರ ಮಸುಕಾಗಿ ಕಣ್ಣು ಮಿಟುಕಿಸಿದ ಕೂಡಲೇ ತಿಳಿಯಾಗುವುದು, ಇವೆಲ್ಲ ಅದರ ಲಕ್ಷಣ. ಕಾಂಟ್ಯಾಕ್ಟ್ ಲೆನ್ಸ್ ಸಹಿಸಲಾಗದೆ ಲೇಸರ್‌ಗೆ ಬಂದವರಲ್ಲಿ ಇದನ್ನು ವಿಶೇಷವಾಗಿ ಹುಡುಕುತ್ತಾರೆ, ಲೆನ್ಸ್ ಸಹಿಸದಿರಲು ಒಣಗಣ್ಣೇ ಕಾರಣವಿರಬಹುದು.

ಪರೀಕ್ಷೆ ನೋಡಲು ತೀರಾ ಸರಳ. ಶರ್ಮರ್ ಪಟ್ಟಿ ಎಂಬ, ಅರ್ಧ ಸೆಂಟಿಮೀಟರ್ ಅಗಲದ ಶೋಧಕಾಗದದ ತುದಿಯನ್ನು ಮಡಿಸಿ, ಕೆಳರೆಪ್ಪೆಯ ಒಳಗೆ ಹೊರಬದಿಗೆ ಸಿಕ್ಕಿಸುತ್ತಾರೆ. ಕಣ್ಣು ಮುಚ್ಚಿ ಐದು ನಿಮಿಷ ಕೂರಬೇಕು. ಕಾಗದದ ಮೇಲೆ ಮಿಲಿಮೀಟರಿನ ಗೆರೆಗಳಿವೆ. ಕಣ್ಣೀರು ನೆನೆದು ಎಲ್ಲಿಯವರೆಗೆ ಇಳಿದಿದೆ ಎಂದು ಓದುತ್ತಾರೆ. 10 ದಾಟಿದರೆ ಚಿಂತೆಯಿಲ್ಲ, 5ಕ್ಕಿಂತ ಕಡಿಮೆಯಾದರೆ ಕಣ್ಣೀರೇ ಸಾಲದು. ಇನ್ನೊಂದು ಪರೀಕ್ಷೆಯಲ್ಲಿ ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಕಣ್ಣು ಮಿಟುಕಿಸದೆ ತೆರೆದಿಟ್ಟಾಗ ಹಸಿರಾಗಿ ಹೊಳೆಯುವ ಕಣ್ಣೀರಿನ ಪದರದಲ್ಲಿ ಎಷ್ಟು ಸೆಕೆಂಡಿಗೆ ಕಪ್ಪು ಕಲೆ ಒಡೆಯುತ್ತದೆ ಎಂಬುದು ಲೆಕ್ಕ. 10 ಸೆಕೆಂಡಿಗೂ ಮೊದಲು ಒಡೆದರೆ ಕಣ್ಣೀರು ಇದ್ದರೂ ನಿಲ್ಲುತ್ತಿಲ್ಲ ಎಂದರ್ಥ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡಾಗ ಹೀಗಾಗುತ್ತದೆ.

ಲೇಸರ್‌ಗೂ ಇದಕ್ಕೂ ನಂಟು ಇರುವುದು ನರಗಳಲ್ಲಿ. ಕಾರ್ನಿಯಾದಲ್ಲಿ ಸೂಕ್ಷ್ಮ ನರಗಳು ದಟ್ಟವಾಗಿ ಹೆಣೆದುಕೊಂಡಿವೆ. ಒಣಗುತ್ತಿದೆ ಎಂದು ಅವು ಸುದ್ದಿ ಕಳಿಸಿದರೆ ಗ್ರಂಥಿ ಕಣ್ಣೀರು ಸುರಿಸುತ್ತದೆ, ರೆಪ್ಪೆ ಮಿಟುಕುತ್ತದೆ. ಫ್ಲ್ಯಾಪ್ ಕತ್ತರಿಸುವಾಗ ಈ ನರಗಳು ತುಂಡಾಗುತ್ತವೆ. ಸುದ್ದಿಯೇ ಹೋಗದ ಕಾರಣ ಮೊದಲ ಕೆಲವು ತಿಂಗಳು ಒಳ್ಳೆಯ ಕಣ್ಣೂ ಒಣಗುತ್ತದೆ. ನರ ನಿಧಾನವಾಗಿ ಬೆಳೆದು, ಹೆಚ್ಚಿನವರಲ್ಲಿ ಆರು ತಿಂಗಳಿಂದ ವರ್ಷದೊಳಗೆ ತೊಂದರೆ ಇಳಿಯುತ್ತದೆ. ಮೊದಲೇ ಒಣಗಿದ್ದ ಕಣ್ಣಿನಲ್ಲಿ ಅದು ಇಳಿಯದೆ ಉಳಿದುಬಿಡಬಹುದು. ಚಾರ್ಟಿನ ಕೊನೆಯ ಸಾಲು ಓದುತ್ತಾರೆ, ಆದರೆ ಗಂಟೆಗೊಮ್ಮೆ ಹನಿ ಹಾಕದೆ ಆಗುವುದಿಲ್ಲ. ಕೆಲವರಲ್ಲಂತೂ ಪರೀಕ್ಷೆಯಲ್ಲಿ ಕಣ್ಣು ಸರಿಯಾಗಿಯೇ ಕಂಡು, ಬೆಳೆದ ನರಗಳು ತಪ್ಪು ಸುದ್ದಿ ಕಳಿಸುತ್ತ ವರ್ಷಗಟ್ಟಲೆ ನೋವು ಕೊಡುತ್ತವೆ. ಸ್ಮೈಲ್‌ನಲ್ಲಿ ಸೀಳು ಚಿಕ್ಕದಾದ್ದರಿಂದ ತುಂಡಾಗುವ ನರಗಳು ಕಡಿಮೆ, ಆದರೆ ಇಲ್ಲವೆಂದಲ್ಲ.

ಕಾವ್ಯಳ ಪಟ್ಟಿ 7 ಮಿಲಿಮೀಟರಿಗೆ ನಿಂತಿತು, ಪದರ 5 ಸೆಕೆಂಡಿಗೆ ಒಡೆಯಿತು ಎಂದುಕೊಳ್ಳೋಣ. ಇದರಿಂದ ಆಕೆ ಶಾಶ್ವತವಾಗಿ ಅನರ್ಹಳಾಗುವುದಿಲ್ಲ. ರೆಪ್ಪೆಗೆ ಬಿಸಿ ಒತ್ತಡ, ಕಣ್ಣೀರಿನ ಹನಿ, ಉರಿಯೂತ ಇದ್ದರೆ ಸೈಕ್ಲೋಸ್ಪೋರಿನ್ ಹನಿ ಕೊಟ್ಟು ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆಯುತ್ತಾರೆ. ಮೊಡವೆಗೆ ಐಸೋಟ್ರೆಟಿನಾಯಿನ್ ನುಂಗುತ್ತಿದ್ದರೆ, ಅಲರ್ಜಿಗೆಂದು ದಿನವೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೇಳಲೇಬೇಕು, ಎರಡೂ ಕಣ್ಣನ್ನು ಒಣಗಿಸುತ್ತವೆ. ಚಿಕಿತ್ಸೆಯ ನಂತರ ಅಳೆದಾಗ ಪವರ್ ಅಂಕಿಯೇ ಬದಲಾಗುವುದೂ ಉಂಟು, ಒಣಗಿದ ಮೈ ಮೇಲಿನ ಅಳತೆ ನೆಚ್ಚುವಂಥದ್ದಲ್ಲ. ಕೀಲುನೋವು, ಬಾಯಿ ಒಣಗುವುದು ಜೊತೆಗಿದ್ದರೆ ಶ್ಯೋಗ್ರೆನ್ ಕಾಯಿಲೆಯ ಶಂಕೆ ಬರುತ್ತದೆ. ಅದು ಖಚಿತವಾದರೆ ಲೇಸರ್ ಮಾತೇ ಇಲ್ಲ.

ತೆಗೆಯುವ ಬದಲು ಇಡುವ ದಾರಿ

ಕಾವ್ಯಳ ಮುಂದೆ ಈಗ ಇರುವುದು ಕಣ್ಣಿನೊಳಗೆ ಲೆನ್ಸ್ ಇಡಿಸಿಕೊಳ್ಳುವ ದಾರಿ. ಹೆಚ್ಚು ಬಳಕೆಯಲ್ಲಿರುವುದು ಐಸಿಎಲ್. ಪೊರೆ ಆಪರೇಷನ್ನಿನಲ್ಲಿ ಕಣ್ಣಿನ ಸಹಜ ಮಸೂರವನ್ನು ತೆಗೆದು ಬೇರೆ ಇಡುತ್ತಾರಲ್ಲ, ಇದು ಹಾಗಲ್ಲ. ಸಹಜ ಮಸೂರ ಅಲ್ಲೇ ಇರುತ್ತದೆ. ಅದರ ಮುಂದೆ, ಕಣ್ಣಿನ ಬಣ್ಣದ ಭಾಗವಾದ ಐರಿಸ್‌ನ ಹಿಂದೆ, ಕಾಲಜನ್ ಬೆರೆತ ಮೆತ್ತನೆಯ ತೆಳು ಲೆನ್ಸನ್ನು ಕೂರಿಸುತ್ತಾರೆ. ಮೂರು ಮಿಲಿಮೀಟರಿನಷ್ಟು ಸೀಳಿನೊಳಗೆ ಸುರುಳಿ ಸುತ್ತಿದ ಲೆನ್ಸನ್ನು ತೂರಿಸಿದರೆ ಅದು ಒಳಗೆ ಬಿಡಿಸಿಕೊಳ್ಳುತ್ತದೆ. ಅದರ ನಾಲ್ಕು ಮೂಲೆಗಳನ್ನು ಐರಿಸ್‌ನ ಹಿಂದಕ್ಕೆ ಒಂದೊಂದಾಗಿ ಸೇರಿಸುತ್ತಾರೆ. ಕಾರ್ನಿಯಾದ ದಪ್ಪ ಇದರಲ್ಲಿ ಖರ್ಚಾಗುವುದಿಲ್ಲ, ನರಗಳಿಗೆ ಆಗುವ ಪೆಟ್ಟೂ ಅಲ್ಪ. ಬೇಡವಾದರೆ ತೆಗೆಯಬಹುದು. ವಡೋದರದಲ್ಲಿ ತಯಾರಾಗುವ ಐಪಿಸಿಎಲ್ ಎಂಬ ಇದೇ ಬಗೆಯ ಲೆನ್ಸೂ ಇದೆ. ಎರಡೂ ಲೇಸರ್‌ಗಿಂತ ದುಬಾರಿ.

ಇದಕ್ಕೂ ಅರ್ಹತೆಯ ಲೆಕ್ಕ ಉಂಟು, ಆದರೆ ಇಲ್ಲಿ ಅಳೆಯುವುದು ದಪ್ಪವನ್ನಲ್ಲ, ಜಾಗವನ್ನು. ಕಾರ್ನಿಯಾದ ಒಳಮೈಗೂ ಸಹಜ ಮಸೂರಕ್ಕೂ ನಡುವೆ ಕನಿಷ್ಠ 2.8 ಮಿಲಿಮೀಟರ್ ಆಳ ಬೇಕು. ಕಾರ್ನಿಯಾವನ್ನು ತಿಳಿಯಾಗಿಡುವ ಒಳಪದರದ ಜೀವಕೋಶಗಳು ಸಾಕಷ್ಟಿರಬೇಕು. ಯುವಕರಲ್ಲಿ ಒಂದು ಚದರ ಮಿಲಿಮೀಟರಿಗೆ ಎರಡೂವರೆ ಸಾವಿರದ ಆಸುಪಾಸು ಇರುತ್ತವೆ, ಇವು ಹೋದರೆ ಹೊಸದು ಹುಟ್ಟುವುದಿಲ್ಲ. ಕಾವ್ಯಳ ಆಳ 3.1, ಕೋಶಗಳು 2700 ಎಂದಿದ್ದರೆ ಆಕೆ ಅರ್ಹಳು.

ಇದರಲ್ಲಿ ಕಷ್ಟದ ಕೆಲಸ ಅಳತೆ ಹೊಂದಿಸುವುದು. ಐಸಿಎಲ್ 12.1, 12.6, 13.2, 13.7 ಮಿಲಿಮೀಟರ್ ಹೀಗೆ ನಾಲ್ಕೇ ಅಳತೆಯಲ್ಲಿ ಬರುತ್ತದೆ. ಕೂತ ಮೇಲೆ ಲೆನ್ಸಿಗೂ ಸಹಜ ಮಸೂರಕ್ಕೂ ನಡುವೆ 250ರಿಂದ 750 ಮೈಕ್ರಾನ್ ಸಂದು ಇರಬೇಕು. ಡಾಕ್ಟರುಗಳು ಇದನ್ನು ವಾಲ್ಟ್ ಎನ್ನುತ್ತಾರೆ. ಲೆನ್ಸ್ ಚಿಕ್ಕದಾಗಿ ಸಂದು ಕಡಿಮೆಯಾದರೆ ಸಹಜ ಮಸೂರಕ್ಕೆ ತಾಗಿ ಪೊರೆ ಬರಬಹುದು. ದೊಡ್ಡದಾಗಿ ಸಂದು ಹೆಚ್ಚಿದರೆ ಐರಿಸ್ ಮುಂದಕ್ಕೆ ತಳ್ಳಲ್ಪಟ್ಟು ಕಣ್ಣಿನ ನೀರು ಹರಿದುಹೋಗುವ ದಾರಿ ಕಿರಿದಾಗಿ ಒತ್ತಡ ಏರಬಹುದು. ಹಿಂದಿನ ಲೆನ್ಸುಗಳಿಗೆ ನೀರು ಹರಿಯಲೆಂದು ಐರಿಸ್‌ನಲ್ಲೇ ರಂಧ್ರ ಮಾಡಬೇಕಿತ್ತು. ಈಗಿನ ಲೆನ್ಸಿನ ನಡುವೆಯೇ 0.36 ಮಿಲಿಮೀಟರಿನ ರಂಧ್ರವಿದೆ. ಕೆಲವರಿಗೆ ಅದರಿಂದ ರಾತ್ರಿ ದೀಪದ ಸುತ್ತ ತೆಳು ಉಂಗುರ ಕಾಣುತ್ತದೆ, ಬಹುಮಟ್ಟಿಗೆ ಅಭ್ಯಾಸವಾಗಿ ಗಮನದಿಂದ ಹೋಗುತ್ತದೆ.

ಆಪರೇಷನ್ ಆದ ರಾತ್ರಿ ಕಣ್ಣು ಸಿಡಿಯುವಂತೆ ನೋವು, ತಲೆನೋವು, ವಾಂತಿ ಬಂದರೆ ಒತ್ತಡ ಏರಿದೆ ಎಂದು ತಿಳಿದು ಆಗಲೇ ಡಾಕ್ಟರನ್ನು ಕಾಣಬೇಕು, ಬೆಳಗಾಗಲಿ ಎಂದು ಮಲಗಬಾರದು. ಮುಂದಿನ ಕೆಲವು ದಿನಗಳಲ್ಲಿ ನೋವು ಹೆಚ್ಚಿ, ಕಣ್ಣು ಕೆಂಪಾಗಿ, ನೋಟ ಕುಂದಿದರೆ ಸೋಂಕಿನ ಶಂಕೆ. ಅದು ಅಪರೂಪ, ಆದರೆ ಕಣ್ಣಿನೊಳಗಿನ ಸೋಂಕಿಗೆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಆಮೇಲೆ ವರ್ಷಕ್ಕೊಮ್ಮೆ ಒತ್ತಡ, ವಾಲ್ಟ್, ಕೋಶಗಳ ಎಣಿಕೆ ನೋಡಿಸುತ್ತಿರಬೇಕು.

ಲೇಸರ್ ಆಗಲಿ ಲೆನ್ಸ್ ಆಗಲಿ, ತಿದ್ದುವುದು ಬೆಳಕಿನ ದಾರಿಯನ್ನು ಮಾತ್ರ. 8 ಪವರಿನ ಕಣ್ಣು ಉದ್ದವಾಗಿಯೇ ಇರುತ್ತದೆ, ಅದರ ರೆಟಿನಾ ಎಳೆದು ತೆಳುವಾಗಿಯೇ ಇರುತ್ತದೆ. ಮಿಂಚು ಹೊಳೆದಂತೆ ಕಂಡರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಸುರಿದಂತೆ ಕಂಡರೆ, ಒಂದು ಬದಿಯಿಂದ ಪರದೆ ಇಳಿದಂತಾದರೆ ರೆಟಿನಾ ಬಿಡುತ್ತಿರಬಹುದು ಎಂಬ ಎಚ್ಚರ ಕನ್ನಡಕ ಬಿಟ್ಟವರಿಗೂ ಬೇಕು. ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಬರುವುದೂ ತಪ್ಪುವುದಿಲ್ಲ.

ತಪಾಸಣೆಯ ದಿನ ಡಾಕ್ಟರನ್ನು ಕೇಳಬೇಕಾದ ಅಂಕಿಗಳು ಹೆಚ್ಚಿಲ್ಲ. ನನ್ನ ಕಾರ್ನಿಯಾದ ಅತಿ ತೆಳು ಜಾಗ ಎಷ್ಟು, ಎಷ್ಟು ತೆಗೆಯುತ್ತೀರಿ, ಎಷ್ಟು ಉಳಿಯುತ್ತದೆ, ಒಟ್ಟು ಶೇಕಡಾ ಎಷ್ಟಾಗುತ್ತದೆ, ನಕ್ಷೆ ಸಮವಾಗಿದೆಯೇ, ಕಣ್ಣೀರಿನ ಪರೀಕ್ಷೆಯಲ್ಲಿ ಏನು ಬಂತು. ಉತ್ತರ ಹೇಳದೆ ಬರೀ ರಿಯಾಯಿತಿಯ ದರ ಹೇಳುವ ಕಡೆ ಆತುರ ಬೇಡ. ಈ ಅಂಕಿಗಳಿರುವ ವರದಿಯ ಪ್ರತಿಯನ್ನು ಕೇಳಿ ಪಡೆದು ಮನೆಯ ಮುಖ್ಯ ಕಾಗದಗಳ ಜೊತೆ ಇಡಬೇಕು. ಲೇಸರ್ ಆದ ಕಾರ್ನಿಯಾದಲ್ಲಿ ಕಣ್ಣಿನ ಒತ್ತಡದ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಗ್ಲಾಕೋಮಾ ಇದ್ದರೂ ಮರೆಯಾಗಬಹುದು. ಅರವತ್ತರ ಹೊತ್ತಿಗೆ ಪೊರೆ ಬಂದಾಗ ಒಳಗಿಡುವ ಲೆನ್ಸಿನ ಪವರ್ ಲೆಕ್ಕವೂ ಸಾಮಾನ್ಯ ಸೂತ್ರದಲ್ಲಿ ತಪ್ಪುತ್ತದೆ. ಆಗಿನ ಡಾಕ್ಟರಿಗೆ ಕೊರೆಯುವ ಮುಂಚಿನ ಕಾರ್ನಿಯಾ ಹೇಗಿತ್ತು ಎಂದು ಹೇಳಬಲ್ಲದ್ದು ಈ ವರದಿಯೇ.